ಹೊಸ್ತಿಲಾಚೆಯ ದೀಪ



ದೀಪಾವಳಿಯನ್ನು ಏಕೆ ಮಾಡುತ್ತೇವೆ ಎಂದು ಇವತ್ತಿನ ಮಕ್ಕಳನ್ನು ಕೇಳಿದರೆ ಹೆಚ್ಚಾಗಿ ಒಂದೇ ಉತ್ತರ ಸಿಗುತ್ತದೆ. ರಾವಣನನ್ನು ಕೊಂದು ಶ್ರೀರಾಮ ಅಯೋಧ್ಯೆಗೆ ಮರಳಿದ, ಊರಿನವರು ದೀಪ ಹಚ್ಚಿ ಬರಮಾಡಿಕೊಂಡರು, ಅದೇ ದೀಪಾವಳಿ. ಬಿಡದಿ, ರಾಮನಗರದ ಕಡೆಯ ಮಗುವಿಗೆ ಈ ಉತ್ತರ ಇನ್ನೂ ಸಹಜವಾಗಿ ಕಾಣಬೇಕು. ಇಲ್ಲಿನ ಬಂಡೆಬೆಟ್ಟಕ್ಕೆ ರಾಮದೇವರ ಬೆಟ್ಟವೆಂದೇ ಹೆಸರು, ಅದರ ಮೇಲೆ ಪಟ್ಟಾಭಿರಾಮನ ಗುಡಿ, ಊರಿನ ಹೆಸರಿನಲ್ಲೇ ರಾಮ. ಆದರೆ ಇದೇ ಸೀಮೆಯ ಮನೆಗಳಲ್ಲಿ ಹಬ್ಬದ ಐದು ದಿನ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ನೋಡುತ್ತ ಹೋದರೆ, ಎಲ್ಲಿಯೂ ರಾಮ ಸಿಗುವುದಿಲ್ಲ. ಹಂಡೆಗೆ ನೀರು ತುಂಬುತ್ತಾರೆ, ಎಣ್ಣೆ ಹಚ್ಚಿಕೊಂಡು ಮೀಯುತ್ತಾರೆ, ಕಜ್ಜಾಯ ಸುಟ್ಟು ಕೇದಾರೇಶ್ವರನಿಗೆ ಎಡೆ ಇಡುತ್ತಾರೆ, ದನಗಳ ಮೈ ತೊಳೆದು ಪೂಜಿಸುತ್ತಾರೆ, ಬಲೀಂದ್ರನ ಹೆಸರು ಹೇಳುತ್ತಾರೆ, ತಿಪ್ಪೆಗೂ ಒಂದು ದೀಪ ಇಡುತ್ತಾರೆ. ರಾಮನ ಹಬ್ಬವನ್ನು ಇವರು ಮರೆತವರಲ್ಲ. ಅದು ಚೈತ್ರದಲ್ಲಿ ಬರುತ್ತದೆ, ಪಾನಕ ಕೋಸಂಬರಿಯ ಜೊತೆಗೆ. ಹಾಗಾದರೆ ಈ ಐದು ದಿನ ಯಾರ ಹಬ್ಬ? ಐದೂ ದಿನಗಳ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಉತ್ತರ ಹೊಳೆಯುತ್ತದೆ. ಮನೆಯಿಂದ, ಊರಿನಿಂದ, ಈ ಲೋಕದಿಂದ ಹೊರಗೆ ಹೋದವರನ್ನು ಒಂದು ಸಲ ನೆನೆದು, ಬೆಳಕು ತೋರಿಸಿ, ಮರ್ಯಾದೆ ಮಾಡಿ ಕಳಿಸುವ ಹಬ್ಬ ಇದು. ಈ ಮಾತಿಗೆ ಇರುವ ಆಧಾರವನ್ನು ದಿನಕ್ಕೊಂದರಂತೆ ನಿಮ್ಮ ಮುಂದಿಡುತ್ತೇನೆ. ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಅಲ್ಲಲ್ಲೇ ಎತ್ತಿಕೊಳ್ಳುತ್ತೇನೆ.

ಮೊದಲು ರಾಮನ ಮಾತನ್ನೇ ನೋಡೋಣ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥ ರಾಮನ ಪಟ್ಟಾಭಿಷೇಕವನ್ನು ನಿಶ್ಚಯಿಸುವಾಗ, ಈಗ ಕಾಡುಗಳು ಹೂಬಿಟ್ಟಿರುವ ಚೈತ್ರಮಾಸ ಎನ್ನುತ್ತಾನೆ. ಪಟ್ಟ ತಪ್ಪಿ ವನವಾಸ ಶುರುವಾಗುವುದು ಆ ದಿನಗಳಲ್ಲಿಯೇ. ಹದಿನಾಲ್ಕು ವರ್ಷ ತುಂಬಿದಾಗ ರಾಮ ಭರದ್ವಾಜರ ಆಶ್ರಮಕ್ಕೆ ಬಂದ ತಿಥಿಯನ್ನೂ ಕವಿ ಹೇಳುತ್ತಾನೆ. ಅದು ಪಂಚಮಿ. ಚೈತ್ರದಲ್ಲಿ ಹೊರಟವನ ವರ್ಷಗಳು ತುಂಬುವುದು ಮತ್ತೆ ಚೈತ್ರದ ಆಸುಪಾಸಿನಲ್ಲಿ, ಅದೂ ಪಂಚಮಿಯಂದು. ಆಶ್ವಯುಜದ ಅಮಾವಾಸ್ಯೆಗೆ ಇದನ್ನು ಹೊಂದಿಸುವುದು ಕಷ್ಟ. ಉತ್ತರ ಭಾರತದಲ್ಲಿ ರಾಮನ ಆಗಮನದ ನೆನಪಿನಲ್ಲಿ ದೀಪ ಹಚ್ಚುವವರ ಶ್ರದ್ಧೆ ಇದರಿಂದ ಕಡಿಮೆಯಾಗುವುದಿಲ್ಲ. ಅದು ಅವರ ನಾಡಿನಲ್ಲಿ ಬೆಳೆದ ಆಚರಣೆ, ಅವರಿಗೆ ಸತ್ಯವಾದದ್ದು. ನಮ್ಮ ಮನೆಗಳಲ್ಲಿ ನಡೆಯುವುದನ್ನು ಮಾತ್ರ ಆ ಒಂದು ಕಥೆಯಿಂದ ವಿವರಿಸಲಾಗದು. ಎಣ್ಣೆಸ್ನಾನ ಏಕೆ, ಸಗಣಿ ಏಕೆ, ಪಾಡ್ಯದ ದಿನ ದನ ಏಕೆ ಎಂದು ಮಗು ಮರುಪ್ರಶ್ನೆ ಹಾಕಿದರೆ ಅಯೋಧ್ಯೆಯ ಕಥೆಯಲ್ಲಿ ಅದಕ್ಕೆ ಉತ್ತರವಿಲ್ಲ.

ಇನ್ನೊಂದು ಸಂಗತಿಯನ್ನು ಪಂಚಾಂಗ ನೋಡುವವರು ಬಲ್ಲರು. ಈ ಐದು ದಿನಗಳು ಒಂದೇ ಹಬ್ಬದ ಐದು ತುಂಡುಗಳಲ್ಲ. ಪ್ರತಿಯೊಂದಕ್ಕೂ ತನ್ನದೇ ಹೊತ್ತು ಇದೆ. ತ್ರಯೋದಶಿಗೆ ಮುಸ್ಸಂಜೆ ಮುಖ್ಯ. ಚತುರ್ದಶಿಗೆ ಸೂರ್ಯ ಹುಟ್ಟುವ ಮುಂಚಿನ, ತೆಳ್ಳನೆಯ ಚಂದ್ರ ಮೂಡುವ ನಸುಕು ಮುಖ್ಯ. ಅಮಾವಾಸ್ಯೆಗೆ ಮತ್ತೆ ಸಂಜೆ ಮತ್ತು ರಾತ್ರಿ, ಪಾಡ್ಯಕ್ಕೆ ಬೆಳಗು, ಬಿದಿಗೆಗೆ ಮಧ್ಯಾಹ್ನ. ಆದ್ದರಿಂದಲೇ ಕೆಲವು ವರ್ಷ ಎರಡು ಆಚರಣೆ ಒಂದೇ ತಾರೀಖಿಗೆ ಬೀಳುತ್ತವೆ, ಕೆಲವು ವರ್ಷ ನಡುವೆ ಒಂದು ದಿನ ಖಾಲಿ ಉಳಿಯುತ್ತದೆ. ಬೇರೆ ಬೇರೆ ಹೊತ್ತು, ಬೇರೆ ಬೇರೆ ದೇವತೆ, ಬೇರೆ ಬೇರೆ ಕಥೆ. ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಒಂದರ ಪಕ್ಕ ಒಂದು ಬಂದು ಕೂತ ಆಚರಣೆಗಳು ಎಂಬುದು ಇದರಿಂದ ಸ್ಪಷ್ಟ. ಹೀಗೆ ಬಂದು ಸೇರಿದ ಕಥೆಗಳ ನಡುವೆ ಒಂದು ಸಮಾನ ಭಾವ ಕಂಡರೆ, ಜನ ಅವನ್ನು ಸುಮ್ಮನೆ ಕೂಡಿಸಲಿಲ್ಲ, ತಮ್ಮ ಮನಸ್ಸಿಗೆ ಹೊಂದಿದ್ದನ್ನು ಹೊಂದಿದ್ದರ ಪಕ್ಕದಲ್ಲಿಟ್ಟರು ಎಂದು ತಿಳಿಯಬೇಕಾಗುತ್ತದೆ.

ಮೊದಲ ದಿನ ಆಶ್ವಯುಜ ಬಹುಳ ತ್ರಯೋದಶಿ, ನಮ್ಮ ಕಡೆಯ ನೀರು ತುಂಬುವ ಹಬ್ಬ. ಹಿಂದಿನ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯನ್ನು ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ವರ್ಷದ ಮಸಿ ಹೋಗುವ ತನಕ ತೊಳೆಯುತ್ತಾರೆ. ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತಾರೆ. ಬಾವಿಯಿಂದ ಹೊಸ ನೀರು ಸೇದಿ ತುಂಬಿ, ಅರಿಶಿನ ಕುಂಕುಮ ಇಟ್ಟು ಗಂಗೆ ಎಂದು ಕೈ ಮುಗಿಯುತ್ತಾರೆ. ಇವತ್ತು ಕೈಗಾರಿಕೆಯ ಊರಾದ ಬಿಡದಿಯ ಹಲವು ಮನೆಗಳಲ್ಲಿ ಹಂಡೆಯ ಜಾಗಕ್ಕೆ ಗೀಸರು ಬಂದಿದೆ. ಆದರೂ ಒಂದು ಬಿಂದಿಗೆಗೆ ನೀರು ಹಿಡಿದು ಹೂವಿಟ್ಟರೆ ಶಾಸ್ತ್ರ ಮುಗಿಯುತ್ತದೆ. ಮುಸ್ಸಂಜೆಯಲ್ಲಿ ಇನ್ನೊಂದು ಕೆಲಸವಿದೆ. ಮನೆಯ ಹೊರಗೆ, ಹೊಸ್ತಿಲು ದಾಟಿ, ತೆಂಕಣ ದಿಕ್ಕಿಗೆ ಮುಖ ಮಾಡಿ ಒಂದು ಹಣತೆ ಇಡಬೇಕು. ಅದು ಯಮದೀಪ. ಪುರಾಣ ಹೇಳುವ ಕಥೆ ಹೀಗೆ. ಮದುವೆಯಾಗಿ ನಾಲ್ಕನೆಯ ದಿನಕ್ಕೇ ಸಾಯಬೇಕೆಂದು ಹಣೆಯಲ್ಲಿ ಬರೆದಿದ್ದ ಒಬ್ಬ ರಾಜಕುಮಾರನ ಜೀವ ತರಲು ಯಮದೂತರು ಹೋದರು. ಮದುವೆಯ ಮನೆಯ ಗೋಳು ಕೇಳಿ ಅವರಿಗೇ ಕಣ್ಣೀರು ಬಂತು. ಹಿಂತಿರುಗಿ ಬಂದು ತಮ್ಮ ಒಡೆಯನನ್ನು ಕೇಳಿದರು: ಇಂಥ ಅಕಾಲದ ಸಾವು ಬಾರದಂತೆ ಏನಾದರೂ ದಾರಿಯಿಲ್ಲವೇ? ಈ ತ್ರಯೋದಶಿಯ ಸಂಜೆ ದೀಪ ಕೊಟ್ಟವರಿಗೆ ಆ ಭಯವಿಲ್ಲ ಎಂದು ಯಮ ಹೇಳಿದ. ಗಮನಿಸಬೇಕಾದ ವಿಷಯ ಇದು: ಐದು ದಿನದ ದೀಪಗಳಲ್ಲಿ ಮೊತ್ತಮೊದಲನೆಯದು ಹಚ್ಚುವುದು ದೇವರ ಕೋಣೆಯಲ್ಲಲ್ಲ, ಬಾಗಿಲಾಚೆ. ಅದನ್ನು ಪಡೆಯುವವನು ಯಾರೂ ಮನೆಗೆ ಕರೆಯದ ದೇವರು.

ಎರಡನೆಯ ದಿನ ನರಕ ಚತುರ್ದಶಿ. ಇದರ ದೃಶ್ಯ ಕತ್ತಲಲ್ಲೇ ತೆರೆದುಕೊಳ್ಳುತ್ತದೆ. ಕೋಳಿ ಕೂಗುವ ಮೊದಲೇ ಬಚ್ಚಲ ಒಲೆ ಉರಿಯುತ್ತಿರುತ್ತದೆ. ಮಣೆ ಹಾಕಿ ಮಕ್ಕಳನ್ನು ಕೂರಿಸಿ, ಆರತಿ ಎತ್ತಿ, ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಬಿಸಿನೀರು ಎರೆದು ಸೀಗೆಪುಡಿಯಲ್ಲಿ ತಲೆ ಉಜ್ಜುತ್ತಾರೆ. ಈ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ನೆಲೆಸಿರುತ್ತಾರೆ ಎಂದು ನಂಬಿಕೆ. ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವರ ಮನೆಯಲ್ಲಿ ಬಸ್ಸು ಬರುವ ಮುಂಚೆ ಇದೆಲ್ಲ ಮುಗಿಯಬೇಕು. ಹಬ್ಬವೇ ನಸುಕಿನದಾದ್ದರಿಂದ ಅದಕ್ಕೆ ತೊಂದರೆಯಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೆ ಅದರ ಕೊನೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಭೂದೇವಿಯ ಮಗ ನರಕ, ಪ್ರಾಗ್ಜ್ಯೋತಿಷಪುರದ ಒಡೆಯ. ವರುಣನ ಕೊಡೆಯನ್ನೂ ಅದಿತಿಯ ಓಲೆಯನ್ನೂ ಕಸಿದುಕೊಂಡ, ಸಾವಿರಾರು ಹೆಣ್ಣುಗಳನ್ನು ಸೆರೆಯಿಟ್ಟ. ಕೃಷ್ಣ ಸತ್ಯಭಾಮೆಯ ಜೊತೆ ಗರುಡನನ್ನೇರಿ ಹೋಗಿ, ಬೆಟ್ಟ, ನೀರು, ಬೆಂಕಿ, ಗಾಳಿಗಳ ಕೋಟೆಗಳನ್ನು ಒಡೆದು ಅವನನ್ನು ಕೊಂದ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸತ್ತವನ ತಾಯಿ ಭೂದೇವಿ ಬರುತ್ತಾಳೆ. ಮಗ ಕಸಿದ ಓಲೆಯನ್ನೂ ಕೊಡೆಯನ್ನೂ ಹಿಂದಿರುಗಿಸುತ್ತಾಳೆ. ಹೆದರಿ ನಡುಗುತ್ತಿದ್ದ ಮೊಮ್ಮಗ ಭಗದತ್ತನನ್ನು ಕೃಷ್ಣನ ಕಾಲಿಗೆ ಹಾಕಿ, ಇವನ ತಲೆಯ ಮೇಲೆ ಕೈಯಿಡು ಎಂದು ಬೇಡುತ್ತಾಳೆ. ಕೃಷ್ಣ ಅಭಯ ಕೊಡುತ್ತಾನೆ. ಜನಪದದಲ್ಲಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತನ್ನ ಸಾವಿನ ದಿನ ಜನ ಎಣ್ಣೆ ನೀರು ಹಾಕಿಕೊಂಡು ಸಂತೋಷವಾಗಿರಲಿ ಎಂದು ನರಕನೇ ವರ ಕೇಳಿದನಂತೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇದು ದುಷ್ಟ ಸತ್ತ ದಿನ, ಗೆಲುವಿನ ಹಬ್ಬ, ಇದರಲ್ಲಿ ಹೋದವರಿಗೆ ಮರ್ಯಾದೆ ಎಲ್ಲಿಂದ ಬಂತು ಎನ್ನಬಹುದು. ಗೆಲುವಿನ ಹಬ್ಬಕ್ಕೆ ನಮ್ಮಲ್ಲಿ ಬೇರೆಯೇ ದಿನವಿದೆ, ಅದು ವಿಜಯದಶಮಿ. ಅಲ್ಲಿ ಆಯುಧವಿದೆ, ಬನ್ನಿಯಿದೆ, ಮೆರವಣಿಗೆಯಿದೆ. ಚತುರ್ದಶಿಯಲ್ಲಿ ಆಯುಧದ ಸುಳಿವೂ ಇಲ್ಲ. ಧರ್ಮಶಾಸ್ತ್ರದ ಗ್ರಂಥಗಳು ಈ ದಿನಕ್ಕೆ ವಿಧಿಸುವ ಕೆಲಸಗಳನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸ್ನಾನದ ನಡುವೆ ಉತ್ತರಾಣಿ ಗಿಡವನ್ನು, ಉತ್ತ ನೇಗಿಲಸಾಲಿನ ಮಣ್ಣುಹೆಂಟೆಯ ಜೊತೆ, ತಲೆಯ ಸುತ್ತ ಇಳಿತೆಗೆಯಬೇಕು. ಆಮೇಲೆ ಯಮನ ಹದಿನಾಲ್ಕು ಹೆಸರು ಹೇಳಿ ತರ್ಪಣ ಬಿಡಬೇಕು. ಸಂಜೆ ನರಕಭಯ ತಪ್ಪಲೆಂದು ದೀಪ ಕೊಡಬೇಕು. ಈ ಯಾವ ವಿಧಿಯೂ ಕೃಷ್ಣನ ಯುದ್ಧವನ್ನು ನಟಿಸುವುದಿಲ್ಲ. ಎಲ್ಲವೂ ಯಮನತ್ತಲೇ ನೋಡುತ್ತವೆ. ಆಚರಣೆ ಮೊದಲಿತ್ತು, ಹೆಸರಿನ ಸಾಮ್ಯದಿಂದ ಅಸುರನ ಕಥೆ ಬಂದು ಸೇರಿತು ಎಂದು ಊಹಿಸಲು ಇದು ಸಾಕಷ್ಟು ಬಲವಾದ ಆಧಾರ. ಹಾಗೆ ಬಂದು ಸೇರಿದ ಕಥೆಯನ್ನೂ ಜನ ತಮ್ಮ ರೀತಿಯಲ್ಲೇ ತಿದ್ದಿಕೊಂಡರು. ಕೊಂದವನ ಹೆಸರಿನಲ್ಲಿ ದಿನವನ್ನು ಕರೆಯಲಿಲ್ಲ, ಸತ್ತವನ ಹೆಸರನ್ನು ದಿನಕ್ಕೆ ಕೊಟ್ಟರು, ಅವನ ಕೊನೆಯ ಕೋರಿಕೆಯನ್ನು ವರ್ಷವರ್ಷವೂ ನಡೆಸಿಕೊಟ್ಟರು.

ಮೂರನೆಯ ದಿನ ಅಮಾವಾಸ್ಯೆ. ಪೇಟೆಯಲ್ಲಿ ಇದು ಲಕ್ಷ್ಮೀಪೂಜೆಯ ದಿನ. ಅಂಗಡಿಗಳ ಮುಂದೆ ಬಾಳೆಕಂಬ, ಚೆಂಡುಹೂವಿನ ಸರ, ಗಲ್ಲಾಪೆಟ್ಟಿಗೆಗೆ ಕುಂಕುಮ, ಹೊಸ ಲೆಕ್ಕದ ಪುಸ್ತಕ. ಹಾಗಾದರೆ ಈ ದಿನ ಸಿರಿಯ ಹಬ್ಬವಲ್ಲವೇ ಎಂಬ ಎರಡನೆಯ ಆಕ್ಷೇಪ ಇಲ್ಲಿ ಬರುತ್ತದೆ. ಹೌದು, ಸಿರಿಯದೂ ಹೌದು. ಆದರೆ ಅದರ ಕೆಳಗೆ ಇನ್ನೊಂದು ಪದರವಿದೆ. ಭಾದ್ರಪದದ ಕೊನೆಗೆ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಸೀಮೆಯ ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ, ಧೂಪ. ಸರಿಯಾಗಿ ಒಂದು ತಿಂಗಳಿಗೆ ದೀಪಾವಳಿಯ ಅಮಾವಾಸ್ಯೆ ಬರುತ್ತದೆ. ಮಹಾಲಯಕ್ಕೆ ಭೂಮಿಗೆ ಬಂದ ಪಿತೃಗಳು ಈಗ ಹಿಂದಿರುಗುವರೆಂದೂ ಅವರಿಗೆ ದಾರಿ ಕಾಣಲು ಗಂಡಸರು ಕೈಯಲ್ಲಿ ಪಂಜು ಹಿಡಿದು ತೋರಿಸಬೇಕೆಂದೂ ಶಾಸ್ತ್ರ ಹೇಳುತ್ತದೆ. ಇದಕ್ಕೆ ಉಲ್ಕಾದಾನವೆಂದು ಹೆಸರು. ಕಾರ್ತಿಕದಲ್ಲಿ ಎತ್ತರದ ಗಳುವಿನ ತುದಿಗೆ ಕಟ್ಟುವ ಆಕಾಶದೀಪದ ಉದ್ದೇಶಗಳಲ್ಲೂ ಇದು ಒಂದು. ಜೈನರ ಮಾತೂ ಇದೇ ಅಮಾವಾಸ್ಯೆಗೆ ಬಂದು ಮುಟ್ಟುತ್ತದೆ. ಪುನ್ನಾಟ ಸಂಘದ ಜಿನಸೇನ 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ, ಮಹಾವೀರರು ನಿರ್ವಾಣ ಹೊಂದಿದಾಗ ಪಾವಾನಗರವೆಲ್ಲ ದೀಪಗಳಿಂದ ಬೆಳಗಿತೆಂದೂ ಅಂದಿನಿಂದ ಜನ ಅದನ್ನು ವರ್ಷವರ್ಷ ಆಚರಿಸುತ್ತಾರೆಂದೂ ಇದೆ. ಅಲ್ಲಿಯೂ ದೀಪ ಹಚ್ಚಿದ್ದು ಹೊರಟುಹೋದವರ ಸ್ಮರಣೆಗೆ. ಇನ್ನು ಲಕ್ಷ್ಮಿಯ ವಿಷಯ. ಅವಳನ್ನೂ ದೇವತೆಗಳನ್ನೂ ಬಲಿ ಸೆರೆಯಲ್ಲಿಟ್ಟಿದ್ದ, ವಿಷ್ಣು ಬಿಡಿಸಿ ತಂದ ರಾತ್ರಿ ಇದು ಎಂದು ಒಂದು ಕಥೆಯಿದೆ. ಸೆರೆಯಿಂದ ಬಂದವಳನ್ನು ಬಾಗಿಲು ತೆರೆದು, ದೀಪ ತೋರಿಸಿ ಒಳಗೆ ಕರೆಯುವುದು ಲಕ್ಷ್ಮೀಪೂಜೆ. ಸಿರಿಯೂ ಇಲ್ಲಿ ಹೊರಗಿನಿಂದ ಬರುವವಳೇ.

ಬೆಂಗಳೂರು, ಕೋಲಾರಗಳಂತೆ ರಾಮನಗರದ ಕಡೆಯಲ್ಲೂ ಬಹಳ ಮನೆಗಳಿಗೆ ದೀಪಾವಳಿ ಎಂದರೆ ಕೇದಾರೇಶ್ವರನ ವ್ರತ, ಕಜ್ಜಾಯದ ಹಬ್ಬ. ಮನೆತನದ ಪದ್ಧತಿಯಂತೆ ಅಮಾವಾಸ್ಯೆಗೋ ಪಾಡ್ಯಕ್ಕೋ ಇದನ್ನು ಮಾಡುತ್ತಾರೆ. ಕಳಶವಿಟ್ಟು, ಇಪ್ಪತ್ತೊಂದು ಎಳೆಯ ದಾರಕ್ಕೆ ಅರಿಶಿನ ಹಚ್ಚಿ ಪೂಜಿಸಿ, ಇಪ್ಪತ್ತೊಂದು ಕಜ್ಜಾಯ, ಅಷ್ಟೇ ವೀಳ್ಯದೆಲೆ, ಅಡಿಕೆ ಇಟ್ಟು, ಹೋದ ವರ್ಷದ ದಾರ ಬಿಚ್ಚಿ ಹೊಸದನ್ನು ಕಟ್ಟಿಕೊಳ್ಳುತ್ತಾರೆ. ಕಜ್ಜಾಯ ಸುಲಭದ ತಿಂಡಿಯಲ್ಲ. ಅಕ್ಕಿಯನ್ನು ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ಪೂರ್ತಿ ಒಣಗದೆ ಕೈಗೆ ತೇವ ಹತ್ತುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಅಕ್ಕಿಯ ಮುಕ್ಕಾಲು ಪಾಲಿನಷ್ಟು ಬೆಲ್ಲವನ್ನು ಪಾಕಕ್ಕಿಟ್ಟು, ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಹದಕ್ಕೆ ಇಳಿಸಿ, ಹಿಟ್ಟು, ಏಲಕ್ಕಿ, ಎಳ್ಳು ಬೆರೆಸಿ ರಾತ್ರಿಯಿಡೀ ಮುಚ್ಚಿಡಬೇಕು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಚೂರಾಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಆದ್ದರಿಂದಲೇ ಹದ ಬಲ್ಲ ಅಜ್ಜಿಯರಿಗೆ ಆ ದಿನ ಮನೆಯಲ್ಲಿ ದೊಡ್ಡ ಸ್ಥಾನ. ವ್ರತದ ಕಥೆ ಗೌರಿಯದು. ಭೃಂಗಿ ಎಂಬ ಶಿವಭಕ್ತ ಪಕ್ಕದಲ್ಲಿದ್ದ ಗೌರಿಯನ್ನು ಬಿಟ್ಟು ಶಿವನೊಬ್ಬನಿಗೇ ಸುತ್ತು ಬಂದ. ಮನನೊಂದ ಗೌರಿ ಕೈಲಾಸ ಬಿಟ್ಟು ಗೌತಮರ ಆಶ್ರಮಕ್ಕೆ ಬಂದು, ಅವರು ಹೇಳಿಕೊಟ್ಟಂತೆ ಇಪ್ಪತ್ತೊಂದು ದಿನ ಕೇದಾರೇಶ್ವರನ ವ್ರತ ಹಿಡಿದಳು. ಶಿವ ಮೆಚ್ಚಿ ತನ್ನ ಮೈಯಲ್ಲೇ ಅರ್ಧ ಕೊಟ್ಟ. ಈ ಕಥೆಯಲ್ಲಿ ಸಾವಿಲ್ಲ, ಪಾತಾಳವಿಲ್ಲ. ಹಾಗಾಗಿ ನನ್ನ ವಾದಕ್ಕೆ ಇದು ನೇರವಾಗಿ ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಕಥೆಯ ಹುರುಳು ಬೇರೆಯಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳದೆ ಪಕ್ಕಕ್ಕಿಟ್ಟವಳು ತನ್ನ ಜಾಗವನ್ನು ಪಡೆದು ಹಿಂದಿರುಗಿದಳು. ಹೊರಗಾದವರಿಗೆ ಒಳಗೆ ಸ್ಥಾನ ಕೊಡುವ ಭಾವವೇ ಇಲ್ಲೂ ನಿಂತಿದೆ.

ನಾಲ್ಕನೆಯ ದಿನ, ಕಾರ್ತಿಕ ಶುದ್ಧ ಪಾಡ್ಯ, ಬಲಿಪಾಡ್ಯಮಿ. ನನ್ನ ಮಾತಿನ ತಿರುಳು ಇಲ್ಲಿದೆ. ಮಾಗಡಿ, ಕನಕಪುರದ ಹಳ್ಳಿಗಳ ಆ ಬೆಳಗನ್ನು ನೋಡಿ. ಹೊಲದಲ್ಲಿ ರಾಗಿ ತೆನೆಗಟ್ಟಿದೆ, ನಡುವಿನ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂತಿದೆ. ಕೆರೆಯಲ್ಲಿ ದನಗಳ ಮೈ ತೊಳೆಯುತ್ತಾರೆ, ಕೊಂಬಿಗೆ ಬಣ್ಣ ಹಚ್ಚುತ್ತಾರೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕುತ್ತಾರೆ. ಅಂಗಳ ಸಾರಿಸಿ, ಸಗಣಿಯ ಉಂಡೆ ಮಾಡಿ, ಮೇಲೆ ಹುಚ್ಚೆಳ್ಳಿನ ಹೂವು, ಗರಿಕೆ ಸಿಕ್ಕಿಸಿ ಹೊಸ್ತಿಲ ಬಳಿ ಇಡುತ್ತಾರೆ. ನಾಡಿನ ಹಲವೆಡೆ ಸಗಣಿಯಲ್ಲಿ ಬಲಿಯ ಕೋಟೆಯನ್ನೇ ಕಟ್ಟುತ್ತಾರೆ. ಸಂಜೆಗೆ ಕೊಟ್ಟಿಗೆ, ಬಾವಿಕಟ್ಟೆ, ಹೊಲದ ಬದು, ಕೊನೆಗೆ ತಿಪ್ಪೆಗೂ ದೀಪ. ಕಥೆ ಭಾಗವತದ ಎಂಟನೆಯ ಸ್ಕಂಧದಲ್ಲಿದೆ. ಪ್ರಹ್ಲಾದನ ಮೊಮ್ಮಗ ಬಲಿ ಮೂರು ಲೋಕ ಆಳುತ್ತಿದ್ದ. ಯಾಗಶಾಲೆಗೆ ಬಂದ ಪುಟ್ಟ ವಟು ಮೂರು ಹೆಜ್ಜೆ ನೆಲ ಕೇಳಿದ. ಇವನು ವಿಷ್ಣು, ಕೊಡಬೇಡ ಎಂದು ಗುರು ಶುಕ್ರಾಚಾರ್ಯ ತಡೆದರೂ ಬಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡು ಹೆಜ್ಜೆಗೆ ಭೂಮಿ ಆಕಾಶ ಮುಗಿದವು, ಮೂರನೆಯದಕ್ಕೆ ತಲೆಯೊಡ್ಡಿದ. ವಿಷ್ಣು ಅವನನ್ನು ಸುತಲಕ್ಕೆ ಕಳಿಸಿ, ತಾನೇ ಅವನ ಬಾಗಿಲು ಕಾಯುವವನಾಗಿ ನಿಂತ. ವರ್ಷಕ್ಕೊಮ್ಮೆ ಬಲಿ ಬಂದು ತನ್ನ ನಾಡನ್ನು ನೋಡಿ ಹೋಗಬಹುದೆಂಬ ವರ ಸಿಕ್ಕಿತೆಂದು ಜನ ನಂಬುತ್ತಾರೆ. ಆ ದಿನ ಮನೆಯೊಳಗೆ ಐದು ಬಣ್ಣದ ಪುಡಿಯಲ್ಲಿ ಬಲಿಯನ್ನೂ ಅವನ ಹೆಂಡತಿ ವಿಂಧ್ಯಾವಳಿಯನ್ನೂ ಬರೆದು ಪೂಜಿಸಬೇಕೆಂದು ಪುರಾಣ ಹೇಳುತ್ತದೆ. ಗೆದ್ದ ವಾಮನನಿಗೆ ಆ ದಿನ ಮನೆಮನೆಯ ಪೂಜೆಯಿಲ್ಲ, ಸೋತ ಬಲಿಗಿದೆ.

ಇದು ಇತ್ತೀಚಿನ ಕಲ್ಪನೆಯಲ್ಲ ಎಂಬುದಕ್ಕೆ ಹೊರಗಿನವನೊಬ್ಬನ ಸಾಕ್ಷಿಯಿದೆ. ಮಧ್ಯ ಏಷ್ಯಾದ ಪಂಡಿತ ಅಲ್‌ಬಿರೂನಿ ಸುಮಾರು 1030ರಲ್ಲಿ ಹಿಂದೂಗಳ ಬಗ್ಗೆ ಬರೆದ ಗ್ರಂಥದಲ್ಲಿ ದೀಪಾವಳಿಯನ್ನು ವಿವರಿಸಿದ್ದಾನೆ. ಜನ ಸ್ನಾನ ಮಾಡಿ, ಹೊಸಬಟ್ಟೆ ತೊಟ್ಟು, ವೀಳ್ಯ ಹಂಚಿ, ರಾತ್ರಿ ಎಲ್ಲೆಡೆ ದೀಪ ಹಚ್ಚುತ್ತಾರೆ ಎಂದು ಹೇಳಿ, ಕಾರಣವನ್ನೂ ಕೊಡುತ್ತಾನೆ: ಏಳನೆಯ ಪಾತಾಳದಲ್ಲಿ ಸೆರೆಯಲ್ಲಿರುವ ವಿರೋಚನನ ಮಗ ಬಲಿಯನ್ನು ಲಕ್ಷ್ಮಿ ವರ್ಷಕ್ಕೊಂದು ದಿನ ಬಿಡಿಸಿ ಲೋಕಕ್ಕೆ ಕಳಿಸುತ್ತಾಳೆ, ಆದ್ದರಿಂದ ಈ ದಿನಕ್ಕೆ ಬಲಿರಾಜ್ಯವೆಂದು ಹೆಸರು. ಸಾವಿರ ವರ್ಷದ ಹಿಂದೆ ಉತ್ತರದಲ್ಲೇ ಕೇಳಿ ಬರೆದ ಆ ವಿವರಣೆಯಲ್ಲಿ ಕಾರಣವಾಗಿ ನಿಂತಿರುವುದು ಬಲಿ. ನಮ್ಮ ತುಳುನಾಡಿನಲ್ಲಿ ಇಂದಿಗೂ ಅಂಗಳದಲ್ಲಿ ಮರದ ಕಂಬ ನೆಟ್ಟು, ಹೂವಿನಿಂದ ಸಿಂಗರಿಸಿ, ದೀಪವಿಟ್ಟು, ಬಲೀಂದ್ರನನ್ನು ಕೂಗಿ ಕರೆಯುತ್ತಾರೆ, ಮತ್ತೆ ಬಾ ಎಂದು ಹೇಳಿ ಕಳಿಸುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಆರದ ದೀಪ ಹಿಡಿದು ರಾತ್ರಿಯೆಲ್ಲ ಹಾಡುತ್ತ ಮನೆಮನೆಗೆ ಬರುತ್ತಾರೆ. ಹಳೆಯ ಮೈಸೂರಿನ ಬಯಲಿನಲ್ಲಿ ಅಂಥ ಹಾಡಿನ ಮೇಳವಿಲ್ಲದಿದ್ದರೂ ಸಗಣಿ, ಹೂವು, ದನ, ದೀಪ ಉಳಿದುಬಂದಿವೆ.

ಐದನೆಯ ದಿನ ಬಿದಿಗೆ. ಯಮದ್ವಿತೀಯ, ಭಗಿನೀ ದ್ವಿತೀಯ ಎಂದು ಪಂಚಾಂಗ ಕರೆಯುತ್ತದೆ. ನಮ್ಮ ಸೀಮೆಯಲ್ಲಿ ಇದು ದೊಡ್ಡ ಹಬ್ಬವಲ್ಲ. ಉತ್ತರ ಕರ್ನಾಟಕದಲ್ಲಿ ಮಾರನೆಯ ದಿನ ಅಕ್ಕನ ತದಿಗೆ ಎಂದು ಇದೇ ಭಾವದ ಆಚರಣೆ ಇದೆ. ಇಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು, ಹೊಸ ಅಳಿಯ ಇನ್ನೂ ಊರಲ್ಲಿರುತ್ತಾರೆ, ಉಳಿದ ಕಜ್ಜಾಯ ಡಬ್ಬಿ ಸೇರಿ ಅವರ ಜೊತೆ ಹೊರಡುತ್ತದೆ. ಕಥೆ ಮಾತ್ರ ಮೊದಲ ದಿನದ ಎಳೆಯನ್ನೇ ಮತ್ತೆ ಹಿಡಿಯುತ್ತದೆ. ಸದಾ ಜೀವ ಕೊಂಡೊಯ್ಯುವ ಕೆಲಸದಲ್ಲೇ ಮುಳುಗಿದ್ದ ಯಮ ಬಹುಕಾಲದ ಮೇಲೆ ತಂಗಿ ಯಮುನೆಯ ಮನೆಗೆ ಬಂದ. ಅವಳು ಎಣ್ಣೆ ನೀರು ಹಾಕಿ, ಬಡಿಸಿ, ಪ್ರತಿವರ್ಷ ಈ ದಿನ ಬಾ ಎಂದು ಕೇಳಿದಳು. ಈ ದಿನ ಅಕ್ಕತಂಗಿಯರ ಕೈಯ ಊಟ ಉಂಡವರಿಗೆ ನನ್ನ ಭಯವಿಲ್ಲ ಎಂದ ಯಮ. ಈ ಅಣ್ಣತಂಗಿಯ ಸಂಬಂಧ ವೇದದಷ್ಟು ಹಳೆಯದು. ಮೈತ್ರಾಯಣೀ ಸಂಹಿತೆಯಲ್ಲಿ ಒಂದು ಚಿಕ್ಕ ಕಥೆಯಿದೆ. ಯಮ ಸತ್ತ. ಅವನ ತಂಗಿ ಯಮಿಯ ದುಃಖ ಆರಲಿಲ್ಲ. ದೇವತೆಗಳು ಎಷ್ಟು ಸಮಾಧಾನ ಹೇಳಿದರೂ, ಅವನು ಸತ್ತದ್ದು ಇವತ್ತು ಎನ್ನುತ್ತಿದ್ದಳು. ಆಗ ಲೋಕದಲ್ಲಿ ಬರೀ ಹಗಲಿತ್ತು, ನಾಳೆ ಎಂಬುದೇ ಇರಲಿಲ್ಲ. ಅವಳ ದುಃಖ ಕಳೆಯಲೆಂದೇ ದೇವತೆಗಳು ರಾತ್ರಿಯನ್ನು ಸೃಷ್ಟಿಸಿದರು. ರಾತ್ರಿ ಕಳೆದು ನಾಳೆ ಬಂತು, ಅವಳು ಮರೆತಳು. ಕತ್ತಲೆಯನ್ನು ಶತ್ರುವೆಂದೇ ತಿಳಿದವರು ಈ ಕಥೆಯನ್ನು ಓದಬೇಕು. ಇಲ್ಲಿ ಇರುಳು ಗಾಯ ಮಾಯಿಸುವ ಔಷಧಿ. ಅದರೊಳಗೆ ಇಟ್ಟ ದೀಪ ಆ ಇರುಳಿನ ಜೊತೆ ಜಗಳವಾಡುವುದಿಲ್ಲ, ಬರುವವರಿಗೂ ಹೋಗುವವರಿಗೂ ದಾರಿ ತೋರಿಸುತ್ತದೆ.

ಇನ್ನೆರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಶುಭದ ಹಬ್ಬದಲ್ಲಿ ಯಮನ ಮಾತೇಕೆ, ಮಕ್ಕಳ ಮುಂದೆ ಸಾವಿನ ಕಥೆಯೇಕೆ ಎಂದು ಕೆಲವರು ಕೇಳಬಹುದು. ಆದರೆ ಮೇಲಿನ ಕಥೆಗಳಲ್ಲಿ ಯಮ ಎಲ್ಲಿಯೂ ಹೆದರಿಸುವುದಿಲ್ಲ. ಮೊದಲ ದಿನ ಅವನ ದೂತರು ಅಳುತ್ತಾರೆ, ಕೊನೆಯ ದಿನ ಅವನು ತಂಗಿಯ ಮನೆಯ ನೆಂಟ. ಅಜ್ಜನೋ ಅಜ್ಜಿಯೋ ಹೋದ ವರ್ಷದಲ್ಲಿ ಹಬ್ಬ ಬಂದಾಗ ಮನೆಯ ಮಗುವಿಗೆ ಈ ಕಥೆಗಳಿಗಿಂತ ಹಿತವಾದ ಮಾತು ಬೇರೆ ಸಿಗಲಾರದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮ ರೈತರಿಗೆ ಇದು ದನ ಮತ್ತು ಬೆಳೆಯ ಹಬ್ಬ, ಪುರಾಣದ ಕಥೆಗಳನ್ನು ಮೇಲಿನಿಂದ ಅಂಟಿಸಿದ್ದು ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. ಹಬ್ಬದ ಬೇರು ಹೊಲದಲ್ಲಿದೆ ಎಂಬುದಕ್ಕೆ ನೇಗಿಲಸಾಲಿನ ಮಣ್ಣು, ತಿಪ್ಪೆಯ ದೀಪ, ಹುಚ್ಚೆಳ್ಳಿನ ಹೂವೇ ಸಾಕ್ಷಿ. ಆದರೆ ರೈತರು ಆರಿಸಿಕೊಂಡ ಕಥೆ ಯಾವುದು ಎಂಬುದನ್ನೂ ನೋಡಬೇಕು. ಮಣ್ಣಿನ ಕೆಳಗೆ ತಳ್ಳಲ್ಪಟ್ಟು ವರ್ಷಕ್ಕೊಮ್ಮೆ ಮೇಲೆ ಬರುವ ರಾಜನನ್ನು, ಬಿತ್ತಿ ಬೆಳೆಯುವವರು ತಮ್ಮವನೆಂದು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಗಣಿಯ ಕೋಟೆಯನ್ನು ಯಾವ ಗ್ರಂಥವೂ ಹಳ್ಳಿಗೆ ಕಳಿಸಲಿಲ್ಲ, ಹಳ್ಳಿಯವರೇ ಕಟ್ಟಿದರು. ಕಥೆ ಮೇಲಿನಿಂದ ಬಂದಿರಬಹುದು, ಅದನ್ನು ಉಳಿಸಿಕೊಂಡ ಮನಸ್ಸು ಇಲ್ಲಿಯದು.

ಈಗ ಎಲ್ಲವನ್ನೂ ಒಟ್ಟಿಗೆ ನೋಡಿ. ಮೊದಲ ದಿನ ಮತ್ತು ಕೊನೆಯ ದಿನ ಯಮ, ನಡುವೆ ನರಕ, ಪಿತೃಗಳು, ಗೌರಿ, ಬಲಿ. ಐದು ದಿನಗಳಲ್ಲಿ ನಾಲ್ಕಕ್ಕೆ ಸತ್ತವರ ಅಥವಾ ಸೋತವರ ನೇರ ಸಂಬಂಧವಿದೆ. ಮೂರನೆಯ ದಿನಕ್ಕೂ ಪಂಜಿನ ದಾರಿಯಿಂದ ಆ ಸಂಬಂಧ ಸೇರುತ್ತದೆ. ಇಷ್ಟು ಆಧಾರವಿರುವಾಗ, ಒಳ್ಳೆಯದು ಕೆಟ್ಟದ್ದನ್ನು ಗೆದ್ದಿತು ಎಂಬ ಒಂದೇ ಸಾಲಿನಲ್ಲಿ ದೀಪಾವಳಿಯನ್ನು ಮುಗಿಸುವುದು ನಮ್ಮ ಹಿರಿಯರ ವಿವೇಕಕ್ಕೆ ಅನ್ಯಾಯ. ಗೆದ್ದ ಮೇಲೆ ಸೋತವನ ಮನೆಯವರಿಗೆ ಅಭಯ ಕೊಡಬೇಕು, ಹೋದವರಿಗೆ ಬೆಳಕು ತೋರಿಸಬೇಕು, ಮಾತಿಗೆ ತಪ್ಪದೆ ಎಲ್ಲವನ್ನೂ ಕಳೆದುಕೊಂಡವನನ್ನು ವರ್ಷಕ್ಕೊಮ್ಮೆಯಾದರೂ ರಾಜನೆಂದು ಕರೆಯಬೇಕು. ಈ ಹಬ್ಬ ಕಲಿಸುವ ನೀತಿ ಇದು.

ಆದ್ದರಿಂದ ತಾಯಿತಂದೆಯರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ಸಲ ಮಕ್ಕಳಿಗೆ ದೀಪಾವಳಿಯ ಕಥೆ ಹೇಳುವಾಗ ಒಂದನ್ನೇ ಹೇಳಿ ಮುಗಿಸಬೇಡಿ, ದಿನಕ್ಕೊಂದರಂತೆ ಐದನ್ನೂ ಹೇಳಿ. ನೀರು ತುಂಬುವ ಸಂಜೆ ಯಮದೂತರ ಕಣ್ಣೀರನ್ನು, ಎಣ್ಣೆ ಹಚ್ಚುವಾಗ ಭೂದೇವಿ ಮೊಮ್ಮಗನಿಗಾಗಿ ಬೇಡಿದ್ದನ್ನು, ಕಜ್ಜಾಯ ತಟ್ಟುವಾಗ ಗೌರಿಯ ಹಟವನ್ನು, ದನದ ಕೊರಳಿಗೆ ಹೂವು ಹಾಕುವಾಗ ಬಲಿಯ ಮಾತನ್ನು, ನೆಂಟರು ಹೊರಡುವಾಗ ಯಮುನೆಯ ಊಟವನ್ನು ಹೇಳಿ. ಪ್ರತಿ ಕಥೆಗೂ ಐದು ನಿಮಿಷ ಸಾಕು. ಮೊದಲ ಹಣತೆಯನ್ನು ಹೊಸ್ತಿಲಾಚೆ ಇಡುವಾಗ, ಅದನ್ನು ಏಕೆ ಹೊರಗೆ ಇಡುತ್ತೇವೆ ಎಂದು ಮಗು ಕೇಳುವಂತೆ ಮಾಡಿ, ಕೇಳಿದಾಗ ಉತ್ತರ ಹೇಳಿ.